ಕಿತ್ತಳೆ ಬಣ್ಣ ಇರಲಿ, ಅಕ್ಷರ ಬದಲಾಗಲಿ

“ನಾವು ಮನೆಯಲ್ಲೇ ಸಾರಿನ ಪುಡಿ, ಚಟ್ನಿಪುಡಿ ಮಾಡಿ ಮಾರುತ್ತೇವೆ. ನಮ್ಮ ಬ್ರ್ಯಾಂಡ್ ಬಣ್ಣ ಕಿತ್ತಳೆ (#FF6600), ಅಕ್ಷರ ಬಿಳಿ. ವಯಸ್ಸಾದ ಗಿರಾಕಿಗಳು ‘ಏನು ಬರೆದಿದ್ದೀರೋ ಕಾಣಲ್ಲ’ ಅಂತಾರೆ. ಬಣ್ಣ ಬದಲಾಯಿಸಿದರೆ ಗುರುತೇ ಹೋಗುತ್ತೆ ಅಂತ ಡಿಸೈನರ್ ಹೇಳ್ತಾರೆ. ಏನು ಮಾಡಲಿ? ಒಂದು ಪ್ಯಾಕೆಟ್ ಜೊತೆಗಿಟ್ಟಿದ್ದೇನೆ.”
— ಓದುಗರೊಬ್ಬರು, ದಾವಣಗೆರೆ

ನಿಮ್ಮ ಪ್ಯಾಕೆಟ್ಟನ್ನು ಮನೆಗೆ ಒಯ್ದು ಅಮ್ಮನಿಗೆ ತೋರಿಸಿದೆ. ಅವರಿಗೆ 76 ವರ್ಷ, ಒಂದು ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಕಿತ್ತಳೆ ಬಣ್ಣ ಅಡುಗೆಮನೆಯ ಬಾಗಿಲಲ್ಲೇ ಅವರ ಕಣ್ಣಿಗೆ ಬಿತ್ತು. ಹತ್ತಿರ ಹಿಡಿದಾಗ ‘ಚಟ್ನಿಪುಡಿ’ ಅಂತಲೂ ಓದಿದರು. ಕೆಳಗಿನ ಸಣ್ಣ ಸಾಲು, ‘ಬೆಳ್ಳುಳ್ಳಿ ಸೇರಿಸಿಲ್ಲ’, ಮಾತ್ರ ಓದೋಕೆ ಆಗಲಿಲ್ಲ. ಬೆಳ್ಳುಳ್ಳಿ ತಿನ್ನದವರಿಗೆ ಬೇಕಾಗಿದ್ದೇ ಆ ಸಾಲು, ಅಲ್ವಾ?

ಹಾಗಾಗಿ ನಿಮ್ಮ ಬಣ್ಣದಲ್ಲಿ ದೋಷವಿಲ್ಲ. ಅದರ ಮೇಲೆ ಬಿಳಿ ಅಕ್ಷರ ಕೂರಿಸಿದ್ದು ತಪ್ಪಾಗಿದೆ. ಎರಡು ಬಣ್ಣಗಳ ಬೆಳಕಿನ ಅಂತರವನ್ನು ಅಳೆಯುವ ಲೆಕ್ಕವೊಂದಿದೆ. ಬಿಳಿ ಮೇಲೆ ಕಪ್ಪಿಗೆ ಅದು 21. ನಿಮ್ಮ ಕಿತ್ತಳೆ ಮೇಲೆ ಬಿಳಿಗೆ 2.94 ಮಾತ್ರ. ವೆಬ್‌ಗಾಗಿ ಮಾಡಿರುವ WCAG ನಿಯಮದ ಪ್ರಕಾರ ಸಣ್ಣ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು. ಸುಮಾರು 80ರ ವಯಸ್ಸಿನವರ ದೃಷ್ಟಿಯನ್ನು ಮನಸ್ಸಲ್ಲಿಟ್ಟುಕೊಂಡೇ ಆ ಅಂಕಿ ಗೊತ್ತುಮಾಡಿದ್ದು. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಯಾಗುತ್ತದೆ. ಒಳಗೆ ಹೋಗುವ ಬೆಳಕೇ ಕಡಿಮೆ. ಕನ್ನಡಕ ಅಕ್ಷರವನ್ನು ಚೂಪು ಮಾಡಿಕೊಡುತ್ತದೆ, ಈ ಅಂತರವನ್ನು ಜಾಸ್ತಿ ಮಾಡಿಕೊಡುವುದಿಲ್ಲ.

ಈಗ ಅದೇ ಕಿತ್ತಳೆ ಮೇಲೆ ಕಪ್ಪು ಅಕ್ಷರ ಹಾಕಿ ನೋಡಿ. ಅಂತರ 7.15ಕ್ಕೆ ಏರುತ್ತದೆ. ನಿಮ್ಮ ಡಿಸೈನರ್ ಕಣ್ಣಿಗೆ ಬಿಳಿಯೇ ಚೆಂದ ಕಾಣಬಹುದು. ಎಳೆ ಕಣ್ಣಿಗೆ ಹಾಗೆ ಕಾಣೋದು ಸಹಜ. ಅವರಿಗಾಗಿ ಹೆಸರನ್ನು ದೊಡ್ಡದಾಗಿ, ದಪ್ಪಗೆ, ಬಿಳಿಯಲ್ಲೇ ಉಳಿಸಿಕೊಳ್ಳಿ. ಸಣ್ಣ ಅಕ್ಷರದಲ್ಲಿರುವುದೆಲ್ಲ ಕಪ್ಪಾಗಲಿ. ಬಿಲ್ಲಿನಲ್ಲೋ ವೆಬ್‌ಸೈಟಿನಲ್ಲೋ ಬಿಳಿ ಹಿನ್ನೆಲೆ ಮೇಲೆ ಕಿತ್ತಳೆ ಅಕ್ಷರವೇ ಬೇಕು ಅಂದರೆ #C44A00 ಬಳಸಿ. ಅದು ಅದೇ ಮನೆತನದ ಗಾಢ ಬಣ್ಣ, ಅಂತರ 4.85. ಪಟ್ಟಿ, ಗುರುತು, ಮುಚ್ಚಳಕ್ಕೆಲ್ಲ ಹಳೆಯ ಕಿತ್ತಳೆಯೇ ಇರಲಿ.

ಒಂದು ಮಾತು ನೆನಪಿಡಿ: ಈ ಅಂಕಿಗಳು ಪರದೆಯ ಬಣ್ಣಕ್ಕೆ ಹೊಂದುವಂಥವು. ಕಾಗದದ ಮೇಲೆ ಇವು ದಾರಿ ತೋರಿಸುತ್ತವೆ ಅಷ್ಟೆ. ಪ್ರೆಸ್ಸಿನಲ್ಲಿ ಬೇರೆಯದೇ ತೊಂದರೆ ಇದೆ. ಮಾಮೂಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ಕಿತ್ತಳೆ ಬರೋದು ಮೆಜೆಂಟಾ ಮತ್ತು ಹಳದಿ ಸೇರಿ. ಬಿಳಿ ಅಕ್ಷರ ಅಂದರೆ ಆ ಎರಡೂ ಪ್ಲೇಟಿನಲ್ಲಿ ಖಾಲಿ ಬಿಟ್ಟ ಜಾಗ. ಪ್ಲೇಟು ಕೂದಲೆಳೆಯಷ್ಟು ಸರಿದರೂ ಆ ಖಾಲಿ ಜಾಗಕ್ಕೆ ಇಂಕು ನುಗ್ಗುತ್ತದೆ. ನಿಮ್ಮ ಪ್ಯಾಕೆಟ್ಟನ್ನು ಭೂತಗನ್ನಡಿಯಲ್ಲಿ ನೋಡಿದೆ. ‘ಳ್ಳುಳ್ಳಿ’ಯ ಒತ್ತುಗಳ ಹೊಟ್ಟೆಯೆಲ್ಲ ತುಂಬಿಹೋಗಿದೆ. ಹಿಂದೊಮ್ಮೆ ನಾವೂ ಅಡುಗೆ ಪುಟದಲ್ಲಿ ಅಳತೆಗಳನ್ನು ಬಣ್ಣದ ಮೇಲೆ ಬಿಳಿಯಲ್ಲಿ ಅಚ್ಚುಮಾಡಿ ಓದುಗರನ್ನು ಒದ್ದಾಡಿಸಿದ್ದೆವು. ಆ ಬೇಸರ ನನಗೆ ಇನ್ನೂ ಇದೆ. ಕಪ್ಪಿಗೆ ಒಂದೇ ಪ್ಲೇಟು, ಅದನ್ನು ಕಿತ್ತಳೆಯ ಮೇಲೇ ಒತ್ತಬಹುದು. ಪ್ರೆಸ್ಸಿನವರಿಗೆ ‘ಕಪ್ಪು ಓವರ್‌ಪ್ರಿಂಟ್ ಮಾಡಿ’ ಅಂದರೆ ಅವರಿಗೆ ಅರ್ಥವಾಗುತ್ತದೆ.

ಅಕ್ಷರದ ಗಾತ್ರವನ್ನು ಒತ್ತಕ್ಷರ ನೋಡಿ ಗೊತ್ತುಮಾಡಿ. ಕನ್ನಡದಲ್ಲಿ ಒತ್ತು ಅಂದರೆ ಮೇಲಿನ ಅಕ್ಷರಕ್ಕಿಂತ ಎಷ್ಟೋ ಚಿಕ್ಕದು. 7 ಪಾಯಿಂಟಿನಲ್ಲಿ ‘ಸೇರಿಸಿಲ್ಲ’ ಅಂತ ಬರೆದರೆ, ‘ಇಲ್ಲ’ ಅನ್ನೋ ಅರ್ಥವನ್ನು ಹೊತ್ತ ಆ ಲ-ಒತ್ತು ಒಂದು ಚುಕ್ಕೆಯಂತೆ ಕಾಣುತ್ತದೆ. ಆ ಸಾಲಿಗೆ 12 ಪಾಯಿಂಟಾದರೂ ಕೊಡಿ, ಸಾಲಿನಿಂದ ಸಾಲಿಗೆ 18 ಪಾಯಿಂಟು ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ತೆಳು ಗೆರೆಯ ಫಾಂಟ್ ಬೇಡ. ‘ದ’ಗೂ ‘ಧ’ಗೂ ಇರೋದೇ ಒಂದು ಸಣ್ಣ ಸೀಳಿನ ವ್ಯತ್ಯಾಸ, ತೆಳು ಗೆರೆಯಲ್ಲಿ ಅದು ಮಾಯವಾಗುತ್ತದೆ. ಜಾಗ ಸಾಲದಿದ್ದರೆ ‘ಅಜ್ಜಿಯ ಕೈರುಚಿ’ ಥರದ ಸಾಲು ತೆಗೆದುಬಿಡಿ.

ಅಚ್ಚಿಗೆ ಕೊಡುವ ಮೊದಲು ನಿಜವಾದ ಅಳತೆಯಲ್ಲೇ ಒಂದು ಪ್ರತಿ ತೆಗೆಸಿ. ಸಂಜೆ ಹೊತ್ತು, ಅಡುಗೆಮನೆಯ ಒಂದೇ ದೀಪದಲ್ಲಿ ಮನೆಯ ಹಿರಿಯರ ಕೈಗೆ ಕೊಡಿ. ‘ಓದೋಕೆ ಆಗುತ್ತಾ?’ ಅಂತ ಕೇಳಬೇಡಿ. ನಿಮ್ಮ ಮನಸ್ಸು ನೋಯಬಾರದು ಅಂತ ‘ಆಗುತ್ತಮ್ಮ’ ಅಂದುಬಿಡುತ್ತಾರೆ. ‘ಇದಕ್ಕೆ ಬೆಳ್ಳುಳ್ಳಿ ಹಾಕಿದ್ದೇವಾ?’ ಅಂತ ಕೇಳಿ, ಸುಮ್ನೆ ನೋಡುತ್ತಿರಿ. ಪ್ಯಾಕೆಟ್ಟನ್ನು ಮುಖದ ಹತ್ತಿರ ತಂದರೆ ಅಕ್ಷರ ಚಿಕ್ಕದು. ದೀಪದ ಕಡೆ ನಡೆದರೆ ಅಂತರ ಸಾಲದು. ಅತ್ತಿತ್ತ ಓರೆ ಮಾಡಿದರೆ ಹೊಳೆಯುವ ಲ್ಯಾಮಿನೇಷನ್ ಕಣ್ಣು ಕುಕ್ಕುತ್ತಿದೆ ಅಂತ. ಆಗ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ.

ಹೊಸ ಪ್ಯಾಕೆಟ್ ಅಚ್ಚಾದ ಮೇಲೆ ಒಂದನ್ನು ಇಲ್ಲಿಗೂ ಕಳಿಸಿ. ಅಮ್ಮನ ಕೈಗೆ ಕೊಟ್ಟು, ಏನು ಓದಿದರು ಅಂತ ನಿಮಗೆ ಬರೆಯುತ್ತೇನೆ.

— ಸಂಪಾದಕ