ಐದು ಸಾವಿರದಲ್ಲಿ ಪ್ರವಚನದ ಚಾನೆಲ್: ಮೊದಲು ಯಾವುದು ಕೊಳ್ಳಬೇಕು?

"ನಮ್ಮಪ್ಪ ಮನೆಯಲ್ಲೇ ಭಾಗವತ ಪ್ರವಚನ ಮಾಡ್ತಾರೆ, ಮಧ್ಯೆ ಮಧ್ಯೆ ದಾಸರ ಪದ ಹಾಡ್ತಾರೆ. ಯೂಟ್ಯೂಬ್ ಚಾನೆಲ್ ಶುರು ಮಾಡ್ಬೇಕು ಅಂತಿದ್ದೀವಿ. ಕೈಯಲ್ಲಿರೋದು ಐದು ಸಾವಿರ. ಫೋನ್, ಟ್ರೈಪಾಡ್, ಲೈಟ್, ಮೈಕ್, ಇದರಲ್ಲಿ ಯಾವುದಕ್ಕೆ ಮೊದಲು ದುಡ್ಡು ಹಾಕಲಿ?"

ಮೈಕ್‌ಗೆ ಹಾಕಿ. ಆಮೇಲೆ ಟ್ರೈಪಾಡ್, ಅದಾದ ಮೇಲೆ ಲೈಟ್. ಫೋನ್ ಸದ್ಯಕ್ಕೆ ಮನೆಯಲ್ಲಿರೋದೇ ಸಾಕು.

ನಮ್ಮ ಮಾವನವರ ಪ್ರವಚನ ರೆಕಾರ್ಡ್ ಮಾಡುವುದು ನಾನೇ. ಇಂಥ ವಿಡಿಯೊಗಳನ್ನು ಜನ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಅಡುಗೆಮನೆ ಕಟ್ಟೆ ಮೇಲೆ ಫೋನ್ ಇಟ್ಟು ತರಕಾರಿ ಹೆಚ್ಚುತ್ತಾ ಕೇಳುತ್ತಾರೆ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಯಾರಿಗೂ ಬೇಜಾರಿಲ್ಲ. ಮಾತು ಗುಂಯ್ ಅಂದರೆ ಎರಡೇ ನಿಮಿಷಕ್ಕೆ ಬೇರೆ ಚಾನೆಲ್‌ಗೆ ಹೋಗುತ್ತಾರೆ.

ನಿಮಗೆ ಬೇಕಾದದ್ದು ವೈರ್ ಇರುವ ಕಾಲರ್ ಮೈಕ್. ಬೋಯಾ ಬಿವೈ-ಎಂ1 ಥರದ್ದು ಸುಮಾರು ಎಂಟುನೂರು, ಸಾವಿರದೊಳಗೆ ಸಿಗುತ್ತದೆ. ಆರು ಮೀಟರ್ ವೈರ್ ಇರುತ್ತದೆ, ಫೋನನ್ನು ದೂರ ಇಡಬಹುದು. ಅದರಲ್ಲೊಂದು ಸ್ವಿಚ್ ಇದೆ. ಅದು ಕ್ಯಾಮೆರಾ ಕಡೆಗಿರದೆ ಸ್ಮಾರ್ಟ್‌ಫೋನ್ ಕಡೆಗಿರಲಿ. ಫೋನಿನಲ್ಲಿ ಹೆಡ್‌ಫೋನ್ ತೂತು ಇಲ್ಲದಿದ್ದರೆ ಟೈಪ್-ಸಿ ಕನ್ವರ್ಟರ್ ಬೇಕು. ಎಲ್ಲ ಕನ್ವರ್ಟರ್‌ಗಳಲ್ಲೂ ಮೈಕ್ ಓಡುವುದಿಲ್ಲ, ಹಾಗಾಗಿ ಅಂಗಡಿಯಲ್ಲೇ ಹಾಕಿ ನೋಡಿ. ಪರೀಕ್ಷೆ ಸುಲಭ. ರೆಕಾರ್ಡ್ ಆನ್ ಮಾಡಿ ಮೈಕ್‌ನ ತಲೆಯನ್ನು ಉಗುರಿನಿಂದ ಕೆರೆಯಿರಿ. ಕೇಳಿಸುವಾಗ ಕರಕರ ಅಂತ ಜೋರಾಗಿ ಬಂದರೆ ಸರಿ. ಎಲ್ಲೋ ದೂರದಲ್ಲಿ ಬಂದಂತಿದ್ದರೆ ಫೋನು ತನ್ನದೇ ಮೈಕ್ ಬಳಸುತ್ತಿದೆ. ಆಗ ಓಪನ್ ಕ್ಯಾಮೆರಾ ಥರದ ಆ್ಯಪ್ ಹಾಕಿಕೊಂಡು ಆಡಿಯೊ ಸೋರ್ಸ್‌ನಲ್ಲಿ ಎಕ್ಸ್‌ಟರ್ನಲ್ ಮೈಕ್ ಆರಿಸಿ.

ಅಗ್ಗದ ವೈರ್‌ಲೆಸ್ ಮೈಕ್ ಯಾಕೆ ಬೇಡ ಅಂದ್ರೆ, ನಿಮ್ಮಪ್ಪ ಹಾಡುತ್ತಾರೆ. ಅವುಗಳಲ್ಲಿ ನಾಯ್ಸ್ ಕ್ಯಾನ್ಸಲ್ ಅಂತೊಂದು ಇರುತ್ತದೆ. ಒಂದೇ ಸಮನೆ ಬರುವ ಶ್ರುತಿಪೆಟ್ಟಿಗೆಯ ಸದ್ದನ್ನೂ ಅದು ಫ್ಯಾನ್ ಸದ್ದು ಅಂದುಕೊಂಡು ಕತ್ತರಿಸುತ್ತದೆ. ಶ್ರುತಿ ಬಂದು ಬಂದು ಮಾಯವಾಗುತ್ತದೆ. ಆಗಲೇ ಅಂಥದ್ದು ತಂದಿದ್ದರೆ ಆ ಬಟನ್ ಆಫ್ ಮಾಡಿ ಬಳಸಿ.

ಮೈಕ್ ಎಲ್ಲಿ ಸಿಕ್ಕಿಸುವುದು ಅನ್ನುವುದೂ ಮುಖ್ಯ. ಗಲ್ಲದಿಂದ ಒಂದು ಗೇಣು ಕೆಳಗಿರಲಿ. ಪ್ರವಚನಕಾರರಿಗೆ ಕಾಲರ್ ಎಲ್ಲಿರುತ್ತದೆ, ಶಲ್ಯ ಹೊದ್ದಿರುತ್ತಾರೆ. ಶಲ್ಯದ ಅಂಚಿಗೆ ಕ್ಲಿಪ್ ಹಾಕಿ, ಶಲ್ಯ ಜಾರದಂತೆ ಒಳಗಡೆ ಒಂದು ಪಿನ್ ಹಾಕಿ. ತುಳಸಿಮಾಲೆ ಮೈಕ್‌ಗೆ ತಾಗಿದರೆ ಟಕ್ ಟಕ್ ಅಂತ ಇಡೀ ಪ್ರವಚನದಲ್ಲಿ ಕೇಳುತ್ತದೆ, ಅದನ್ನು ಪಕ್ಕಕ್ಕೆ ಸರಿಸಿ. ಘಂಟೆ ಬಾರಿಸುವಾಗ ಮೈಕ್‌ನಿಂದ ದೂರ ಹಿಡಿಯಲಿ. ಹತ್ತಿರ ಬಾರಿಸಿದರೆ ಸದ್ದು ಒಡೆದು ಬರುತ್ತದೆ, ಆಮೇಲೆ ಎಡಿಟಿಂಗ್‌ನಲ್ಲಿ ಸರಿಪಡಿಸಲು ಆಗುವುದಿಲ್ಲ.

ಇನ್ನು ಕೋಣೆ. ಟೈಲ್ಸ್ ಹಾಕಿದ ಖಾಲಿ ಹಾಲ್‌ನಲ್ಲಿ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದಿನ ಹಿಂದೆ ಝಣ್ ಅಂತ ಬಾಲ ಉಳಿದರೆ ಯಾವ ಮೈಕ್ ಹಾಕಿದರೂ ಅದು ಬರುತ್ತದೆ. ಜಮಖಾನ ಹಾಸಿ, ಪರದೆ ಎಳೆಯಿರಿ, ಕ್ಯಾಮೆರಾದ ಹಿಂದಿನ ಗೋಡೆಗೆ ಒಂದು ಹಾಸಿಗೆ ಒರಗಿಸಿ. ಇದಕ್ಕೆ ದುಡ್ಡೇ ಬೇಡ.

ಟ್ರೈಪಾಡ್‌ಗೆ ಹೋಲ್ಡರ್ ಸೇರಿ ಸಾವಿರದ ಮುನ್ನೂರರ ಆಸುಪಾಸು ಇಟ್ಟುಕೊಳ್ಳಿ. ಏಳಡಿಯದ್ದು ಅಂತ ಆಸೆಪಡಬೇಡಿ. ಅಪ್ಪ ಕೂರುವುದು ಮಣೆ ಮೇಲೆ, ಲೆನ್ಸ್ ಅವರ ಕಣ್ಣಿನ ಮಟ್ಟಕ್ಕಿದ್ದರೆ ಸಾಕು. ಮೇಲಿಂದ ತೆಗೆದರೆ ವ್ಯಾಸಪೀಠದ ಹಿಂದೆ ಕುಗ್ಗಿ ಕೂತ ಹಾಗೆ ಕಾಣುತ್ತಾರೆ.

ಲೈಟ್ ಕೊಳ್ಳುವ ಮುಂಚೆ ಕಿಟಕಿ ನೋಡಿ. ಬೆಳಗ್ಗೆ ಕಿಟಕಿಯ ಬೆಳಕು ಮುಖದ ಓರೆಗೆ ಬೀಳುವಂತೆ ಕೂರಿಸಿದರೆ ಲೈಟೇ ಬೇಡ. ಸಂಜೆ ಮಾಡುವುದಾದರೆ ಸಾವಿರ ರೂಪಾಯಿಯೊಳಗಿನ ಚಿಕ್ಕ ಎಲ್‌ಇಡಿ ಪ್ಯಾನೆಲ್ ಸಾಕು. ಕನ್ನಡಕ ಹಾಕುವವರಿಗೆ ರಿಂಗ್ ಲೈಟ್ ಬೇಡ, ಎರಡು ಬಿಳಿ ಬಳೆ ಕಣ್ಣಲ್ಲೇ ಕಾಣುತ್ತವೆ. ಹಳೆಯ ಟ್ಯೂಬ್‌ಲೈಟ್ ಕೆಳಗೆ ವಿಡಿಯೊದಲ್ಲಿ ಪಟ್ಟೆಗಳು ಹರಿದಾಡುತ್ತಿದ್ದರೆ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಆ ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ ಅದಕ್ಕೆ ಹೊಂದಬೇಕು. ಮಂಗಳಾರತಿ ಎತ್ತಿದಾಗ ಚಿತ್ರವೆಲ್ಲ ಕತ್ತಲಾಗುವುದಕ್ಕೂ ಮದ್ದಿದೆ. ಅದಕ್ಕೆ ಮುಂಚೆ ಸ್ಕ್ರೀನ್ ಮೇಲೆ ಅಪ್ಪನ ಮುಖವನ್ನು ಒತ್ತಿ ಹಿಡಿದು ಬೆಳಕು ಲಾಕ್ ಮಾಡಿ.

ಕನ್ವರ್ಟರ್‌ಗೆ ನಾನೂರು ಹಿಡಿದರೂ ಒಟ್ಟು ಮೂರೂವರೆ ಸಾವಿರದ ಹತ್ತಿರ ಬರುತ್ತದೆ. ಉಳಿದದ್ದಕ್ಕೆ ಫೋನ್‌ಗೆ ಚುಚ್ಚುವ 128 ಜಿಬಿ ಪೆನ್‌ಡ್ರೈವ್ ತನ್ನಿ. ಹಿಂದಿನ ಕ್ಯಾಮೆರಾದಲ್ಲಿ 1080 ರೆಸಲ್ಯೂಶನ್, 30 ಫ್ರೇಮ್ ಇಟ್ಟರೆ ಒಂದು ಗಂಟೆಗೆ ಏಳೆಂಟು ಜಿಬಿ ತಿನ್ನುತ್ತದೆ. ಮೆಮೊರಿ ತುಂಬಿದರೆ ಪ್ರವಚನದ ಮಧ್ಯೆಯೇ ರೆಕಾರ್ಡಿಂಗ್ ನಿಲ್ಲುತ್ತದೆ, ಹಾಗಾಗಿ ಪ್ರತಿ ಸಲ ಹಳೆಯದನ್ನು ಪೆನ್‌ಡ್ರೈವ್‌ಗೆ ಹಾಕಿ ಜಾಗ ಖಾಲಿ ಮಾಡಿಕೊಂಡೇ ಶುರು ಮಾಡಿ. ಫ್ಲೈಟ್ ಮೋಡ್ ಹಾಕೋದು ಮರೀಬೇಡಿ.