ಪಿಎಸ್‌ಎಸ್-10ಕ್ಕೆ ಯಾರನ್ನು ಉಲ್ಲೇಖಿಸಬೇಕು?

"ಪಿಎಸ್‌ಎಸ್-10 ಎಂಬ ಒತ್ತಡ ಅಳೆಯುವ ಪ್ರಶ್ನಾವಳಿಯನ್ನು ಒಂದು ಥೀಸಿಸ್‌ನಿಂದ ತಗೊಂಡೆ. ಮೆಥಡ್ಸ್ ಭಾಗದಲ್ಲಿ ಆ ಥೀಸಿಸ್ ಹೆಸರು ಹಾಕಿದರೆ ಸಾಕಾ?"

ಸಾಲದು. ಥೀಸಿಸ್ ಬರೆದವರು ಅದನ್ನು ಬಳಸಿದವರು ಅಷ್ಟೇ, ರೂಪಿಸಿದವರಲ್ಲ. ಮೂಲ ಲೇಖನ ಹುಡುಕಿ, ಓದಿ, ಅದನ್ನೇ ಉಲ್ಲೇಖಿಸಿ.

ಇಲ್ಲೊಂದು ತೊಡಕಿದೆ. ಕೋಹೆನ್, ಕಮಾರ್ಕ್ ಮತ್ತು ಮೆರ್ಮೆಲ್‌ಸ್ಟೈನ್ 1983ರಲ್ಲಿ ಪ್ರಕಟಿಸಿದ್ದು 14 ಪ್ರಶ್ನೆಗಳ ಮಾಪನ. ನೀವು ಬಳಸಿರುವ 10 ಪ್ರಶ್ನೆಗಳ ರೂಪ ಬಂದದ್ದು 1988ರಲ್ಲಿ, ಕೋಹೆನ್ ಮತ್ತು ವಿಲಿಯಮ್ಸನ್ ಬರೆದ ಪುಸ್ತಕದ ಅಧ್ಯಾಯದಲ್ಲಿ. ತುಂಬ ಜನ ಸುಮ್ನೆ 1983 ಅಂತ ಹಾಕಿ ಬಿಡ್ತಾರೆ. ಆಗ ಯಾವ ರೂಪ ಬಳಸಿದ್ದೀರಿ ಅನ್ನೋದೇ ಓದುಗರಿಗೆ ಗೊತ್ತಾಗುವುದಿಲ್ಲ. ಎರಡನ್ನೂ ಕೊಡಿ.

ಹೀಗೆ ಬರೆಯಬಹುದು:

"ಒತ್ತಡವನ್ನು ಅಳೆಯಲು ಕೋಹೆನ್ ಮತ್ತು ಇತರರು (1983) ರೂಪಿಸಿದ ಮಾಪನದ 10 ಪ್ರಶ್ನೆಗಳ ರೂಪವನ್ನು (ಕೋಹೆನ್ ಮತ್ತು ವಿಲಿಯಮ್ಸನ್, 1988) ಬಳಸಲಾಯಿತು. ಕಳೆದ ಒಂದು ತಿಂಗಳ ಅನುಭವದ ಬಗ್ಗೆ ಪ್ರತಿ ಪ್ರಶ್ನೆಗೆ 0ರಿಂದ 4ರವರೆಗೆ ಅಂಕ. 4, 5, 7, 8ನೇ ಪ್ರಶ್ನೆಗಳ ಅಂಕಗಳನ್ನು ತಿರುಗಿಸಿ ಕೂಡಿಸಲಾಯಿತು. ಒಟ್ಟು 0ರಿಂದ 40."

ಇದರ ಜೊತೆಗೆ ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ, ನಿಮ್ಮದೇ ಡೇಟಾದಲ್ಲಿ ಬಂದ ಕ್ರಾನ್‌ಬಾಕ್ ಆಲ್ಫಾ ಸೇರಿಸಿ. ಥೀಸಿಸ್‌ನಲ್ಲಿರುವ ಆಲ್ಫಾ ಅವರ ಸ್ಯಾಂಪಲ್‌ನದು, ನಿಮ್ಮದಲ್ಲ ಅಲ್ವಾ?

ಅನುವಾದ ಬಳಸಿದ್ದರೆ ಅನುವಾದಿಸಿ ಪರೀಕ್ಷಿಸಿದವರನ್ನೂ ಹೆಸರಿಸಬೇಕು, ಆದರೆ ಮೂಲದವರ ಜಾಗದಲ್ಲಲ್ಲ, ಅವರ ಜೊತೆಗೆ. ಯಾವುದಾದರೂ ಪ್ರಶ್ನೆ ಬಿಟ್ಟಿದ್ದರೆ ಅಥವಾ ಪದ ಬದಲಿಸಿದ್ದರೆ ಅದನ್ನೂ ಬರೆಯಿರಿ. ಇನ್ನೊಂದು, ಉಲ್ಲೇಖ ಬೇರೆ, ಅನುಮತಿ ಬೇರೆ. ಹೆಸರು ಹಾಕಿದ ಮಾತ್ರಕ್ಕೆ ಪೂರ್ತಿ ಪ್ರಶ್ನಾವಳಿಯನ್ನು ಅನುಬಂಧದಲ್ಲಿ ಅಚ್ಚು ಹಾಕುವ ಹಕ್ಕು ಸಿಗುವುದಿಲ್ಲ.