ಹಳೆಯ ಸಪೋರ್ಟ್ ಲೇಖನವನ್ನು ಸಮಸ್ಯೆ, ಕಾರಣ, ಪರಿಹಾರ ಎಂದು ಬಿಡಿಸಿ ಬರೆಯುವುದು ಹೇಗೆ?

ಪ್ರಶ್ನೆ: ನಮ್ಮ ಹೆಲ್ಪ್‌ಡೆಸ್ಕ್‌ನ ನಾಲೆಡ್ಜ್ ಬೇಸ್ ಲೇಖನಗಳೆಲ್ಲ ಉದ್ದುದ್ದ ಪ್ಯಾರಾಗಳು. ಅವನ್ನು ಸಮಸ್ಯೆ, ಕಾರಣ, ಪರಿಹಾರದ ಹಂತಗಳು, ಸಂಬಂಧಿತ ವಿಷಯಗಳು ಅಂತ ನಾಲ್ಕು ಭಾಗ ಮಾಡಿ ಬರೆಯಲು ಹೇಳಿದ್ದಾರೆ. ಇರುವುದನ್ನೇ ಕತ್ತರಿಸಿ ಹೆಡ್ಡಿಂಗ್ ಹಾಕಿದರೆ ಸಾಕಾ? ಎಲ್ಲಿಂದ ಶುರು ಮಾಡಲಿ?

ಉತ್ತರ:

ಸಾಕಾಗುವುದಿಲ್ಲ. ಶುರು ಮಾಡಬೇಕಾದ್ದು ಕಾರಣದಿಂದ. ಹಳೆಯ ಲೇಖನದಲ್ಲಿ ಎಷ್ಟು ಕಾರಣಗಳು ಸೇರಿಕೊಂಡಿವೆ ಎಂದು ಮೊದಲು ನೋಡಿ. ಹೆಡ್ಡಿಂಗ್ ಆಮೇಲೆ. ಒಂದೇ ಲೇಖನದಲ್ಲಿ ಮೂರು ಕಾರಣ ಬೆರೆತಿದ್ದರೆ, ನಾಲ್ಕು ಹೆಡ್ಡಿಂಗ್ ಹಾಕಿದರೂ ಆ ಬೆರಕೆ ಹಾಗೇ ಉಳಿಯುತ್ತದೆ. ಓದುವವರು ತಮಗೆ ಸಂಬಂಧವೇ ಇಲ್ಲದ ಹಂತಗಳನ್ನೂ ಮಾಡುತ್ತಾ ಕೂರಬೇಕಾಗುತ್ತದೆ.

ನಾನು ಇದೇ ಕೆಲಸ ಮಾಡುವವನು. ಒಂದು ಉದಾಹರಣೆ ತೆಗೆದುಕೊಂಡು ಪೂರ್ತಿ ತೋರಿಸುತ್ತೇನೆ. ಎಲ್ಲ ಹೆಲ್ಪ್‌ಡೆಸ್ಕ್‌ನಲ್ಲೂ ಇಂಥದ್ದೊಂದು ಲೇಖನ ಇದ್ದೇ ಇರುತ್ತದೆ:

> ಪ್ರಿಂಟರ್ ಸಮಸ್ಯೆ. ಪ್ರಿಂಟ್ ಸ್ಪೂಲರ್ ಎಂಬುದು ವಿಂಡೋಸ್‌ನ ಒಂದು ಸರ್ವೀಸ್. ಇದು ಕೆಲವೊಮ್ಮೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಪ್ರಿಂಟ್ ಬರುತ್ತಿಲ್ಲ ಎಂದರೆ ಕೇಬಲ್ ನೋಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಡಿಲೀಟ್ ಮಾಡಿದರೂ ಹೋಗದಿದ್ದರೆ ಸ್ಪೂಲರ್ ನಿಲ್ಲಿಸಿ, ಫೋಲ್ಡರ್ ಖಾಲಿ ಮಾಡಿ, ಮತ್ತೆ ಶುರು ಮಾಡಿ. ಡ್ರೈವರ್ ಹಾಳಾಗಿದ್ದರೂ ಹೀಗಾಗಬಹುದು. ಆಫ್‌ಲೈನ್ ಎಂದು ತೋರಿಸಿದರೆ ನೆಟ್‌ವರ್ಕ್ ನೋಡಿ.

ಇಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಆದರೆ ಕೇಬಲ್, ಕ್ಯೂನಲ್ಲಿ ಸಿಕ್ಕಿಕೊಂಡ ಫೈಲ್, ಡ್ರೈವರ್, ನೆಟ್‌ವರ್ಕ್ ಅಂತ ನಾಲ್ಕು ಕಾರಣಗಳು ಒಟ್ಟಿಗೆ ಕೂತಿವೆ. ಯಾವ ಲಕ್ಷಣ ಯಾವ ಕಾರಣದ್ದು ಎಂದು ಎಲ್ಲೂ ಹೇಳಿಲ್ಲ.

ನಾನು ಒಂದೊಂದೇ ವಾಕ್ಯ ತೆಗೆದುಕೊಂಡು ಕೇಳುತ್ತೇನೆ: ಇದು ಬಳಕೆದಾರರ ಕಣ್ಣಿಗೆ ಬಿದ್ದದ್ದಾ, ಅದರ ಹಿಂದೆ ಆಗಿದ್ದಾ, ಅವರು ಮಾಡಬೇಕಾದದ್ದಾ? 'ಡಿಲೀಟ್ ಮಾಡಿದರೂ ಹೋಗದಿದ್ದರೆ' ಎನ್ನುವುದು ಕಣ್ಣಿಗೆ ಬಿದ್ದದ್ದು. 'ಆಫ್‌ಲೈನ್ ಎಂದು ತೋರಿಸಿದರೆ' ಎನ್ನುವುದೂ ಹಾಗೇ, ಆದರೆ ಅದು ಬೇರೆ ಲಕ್ಷಣ. ಪ್ರಿಂಟರ್ ಕಂಪ್ಯೂಟರಿಗೆ ಸಿಗುತ್ತಲೇ ಇಲ್ಲ ಅನ್ನುವುದೇ ಬೇರೆ, ಸಿಕ್ಕಿಯೂ ಕ್ಯೂ ಮುಂದೆ ಹೋಗುತ್ತಿಲ್ಲ ಅನ್ನುವುದೇ ಬೇರೆ. ಇವೆರಡನ್ನೂ ಬಳಕೆದಾರರೇ ನೋಡಿ ಗುರುತಿಸಬಹುದು. ಹಾಗಾಗಿ ಎರಡು ಲೇಖನ ಮಾಡಿ.

ಲಕ್ಷಣ ಒಂದೇ, ಕಾರಣ ಎರಡು ಇದ್ದರೆ ಏನು ಮಾಡುವುದು? ಆಗ ಲೇಖನ ಒಂದೇ ಇರಲಿ. ಆದರೆ ಪ್ರತಿ ಕಾರಣದ ಕೆಳಗೇ ಅದರ ಪರಿಹಾರ ಬರಲಿ. ಮೇಲೆ ಕಾರಣಗಳೆಲ್ಲ, ಕೆಳಗೆ ಪರಿಹಾರಗಳೆಲ್ಲ ಅಂತ ಗುಡ್ಡೆ ಹಾಕಬೇಡಿ. ತಾಂತ್ರಿಕ ಬರಹಗಳನ್ನು ಭಾಗ ಮಾಡಿ ಬರೆಯಲೆಂದೇ ಇರುವ ಡಿಟಾ ಮಾನದಂಡದ, 2015ರಲ್ಲಿ ಬಂದ 1.3 ಆವೃತ್ತಿಯಲ್ಲಿ ಟ್ರಬಲ್‌ಶೂಟಿಂಗ್ ಬರಹಕ್ಕೆ ಕೊಟ್ಟಿರುವ ಅಚ್ಚೂ ಹೀಗೇ ಇದೆ. ಮೊದಲು `condition`, ಆಮೇಲೆ ಬೇಕಾದಷ್ಟು `troubleSolution`. ಪ್ರತಿಯೊಂದರ ಒಳಗೆ ಒಂದು `cause`, ಅದರ ಜೊತೆಗೇ `remedy`. ನಿಮ್ಮ ಸಾಫ್ಟ್‌ವೇರ್ ಡಿಟಾ ಬಳಸದಿದ್ದರೂ ಪರವಾಗಿಲ್ಲ, ಈ ಜೋಡಿ ಕಟ್ಟುವ ಕ್ರಮವನ್ನು ಮಾತ್ರ ತೆಗೆದುಕೊಳ್ಳಿ.

ಈಗ ಸಿಕ್ಕಿಕೊಂಡ ಕ್ಯೂ ಬಗ್ಗೆ ಬರೆದ ಹೊಸ ಲೇಖನ ನೋಡಿ:

> ಪ್ರಿಂಟ್ ಕ್ಯೂನಲ್ಲಿ ಒಂದು ಡಾಕ್ಯುಮೆಂಟ್ Deleting ಎಂದೇ ತೋರಿಸುತ್ತದೆ, ಬೇರೆ ಯಾವುದೂ ಪ್ರಿಂಟ್ ಆಗುವುದಿಲ್ಲ
>
> ಸಮಸ್ಯೆ
> ವಿಂಡೋಸ್ 10 ಅಥವಾ 11ರಲ್ಲಿ ಕ್ಯೂನಿಂದ ಒಂದು ಡಾಕ್ಯುಮೆಂಟ್ ತೆಗೆದುಹಾಕಲು ನೋಡಿದಾಗ Deleting ಎಂದು ಬರುತ್ತದೆ, ಆದರೆ ಅದು ಹೋಗುವುದಿಲ್ಲ. ಅದರ ಹಿಂದಿನವು ಕಾಯುತ್ತಲೇ ಇರುತ್ತವೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಮೇಲೂ ಅದೇ ಡಾಕ್ಯುಮೆಂಟ್ ಮತ್ತೆ ಕಾಣಿಸಬಹುದು. ಪ್ರಿಂಟರ್ Offline ಎಂದು ತೋರಿಸುತ್ತಿದ್ದರೆ ಈ ಲೇಖನ ಅದಕ್ಕಲ್ಲ. ಕೆಳಗಿನ ಸಂಬಂಧಿತ ವಿಷಯ ನೋಡಿ.
>
> ಕಾರಣ
> ಪ್ರಿಂಟ್ ಕೊಟ್ಟ ಡಾಕ್ಯುಮೆಂಟನ್ನು ವಿಂಡೋಸ್ ಮೊದಲು ಡಿಸ್ಕ್‌ನಲ್ಲಿ ಫೈಲ್ ಆಗಿ ಇಟ್ಟುಕೊಳ್ಳುತ್ತದೆ. ಆ ಫೈಲ್ ಕೆಟ್ಟಿದ್ದರೆ ಪ್ರಿಂಟ್ ಸ್ಪೂಲರ್ ಅದನ್ನು ಮುಗಿಸಲೂ ಆಗದೆ ಬಿಡಲೂ ಆಗದೆ ನಿಂತುಬಿಡುತ್ತದೆ. ಫೈಲ್ ಡಿಸ್ಕ್‌ನಲ್ಲೇ ಇರುವುದರಿಂದ ರೀಸ್ಟಾರ್ಟ್ ಆದ ಮೇಲೂ ವಾಪಸ್ ಬರುತ್ತದೆ.
>
> ಪರಿಹಾರದ ಹಂತಗಳು
> ಗಮನಿಸಿ: ಈ ಕಂಪ್ಯೂಟರಿನಲ್ಲಿ ಪ್ರಿಂಟ್‌ಗಾಗಿ ಕಾಯುತ್ತಿರುವ ಎಲ್ಲ ಡಾಕ್ಯುಮೆಂಟ್‌ಗಳೂ ಕ್ಯೂನಿಂದ ಹೋಗುತ್ತವೆ, ಯಾವ ಪ್ರಿಂಟರಿಗೆ ಕಳಿಸಿದ್ದರೂ ಸರಿ. ಮೂಲ ಡಾಕ್ಯುಮೆಂಟ್‌ಗೆ ಏನೂ ಆಗುವುದಿಲ್ಲ. ಹಲವರು ಹಂಚಿಕೊಂಡಿರುವ ಪ್ರಿಂಟ್ ಸರ್ವರ್‌ನಲ್ಲಿ ಎಲ್ಲರಿಗೂ ತಿಳಿಸದೆ ಹೀಗೆ ಮಾಡಬೇಡಿ.
>
> 1. Start ಒತ್ತಿ, `cmd` ಎಂದು ಟೈಪ್ ಮಾಡಿ, Run as administrator ಆರಿಸಿ.
> 2. ಸ್ಪೂಲರ್ ನಿಲ್ಲಿಸಿ:
> ```
> net stop spooler
> ```
> The Print Spooler service was stopped successfully. ಎಂದು ಬರುವ ತನಕ ಕಾಯಿರಿ.
>
> 3. ಸಿಕ್ಕಿಕೊಂಡ ಫೈಲ್‌ಗಳನ್ನು ಅಳಿಸಿ:
> ```
> del /Q "%systemroot%\System32\spool\PRINTERS\*.*"
> ```
> 4. ಸ್ಪೂಲರ್ ಮತ್ತೆ ಶುರು ಮಾಡಿ:
> ```
> net start spooler
> ```
> 5. ಕ್ಯೂ ತೆರೆದು ನೋಡಿ, ಖಾಲಿ ಇರಬೇಕು. ಬೇರೊಂದು ಡಾಕ್ಯುಮೆಂಟ್‌ನ ಒಂದು ಪುಟ ಪ್ರಿಂಟ್ ಕೊಡಿ. ಅದು ಬಂದರೆ ಸಮಸ್ಯೆ ಮುಗಿದಿದೆ.
>
> ಸಂಬಂಧಿತ ವಿಷಯಗಳು
> ಅದೇ ಡಾಕ್ಯುಮೆಂಟ್ ಕಳಿಸಿದಾಗ ಮಾತ್ರ ಕ್ಯೂ ಮತ್ತೆ ನಿಲ್ಲುತ್ತದೆ
> ಪ್ರಿಂಟ್ ಸ್ಪೂಲರ್ ಶುರುವಾದ ಕೂಡಲೇ ತಾನಾಗಿ ನಿಂತುಹೋಗುತ್ತದೆ
> ಪ್ರಿಂಟರ್ Offline ಎಂದು ತೋರಿಸುತ್ತದೆ

ಶೀರ್ಷಿಕೆಯಲ್ಲಿ ಸ್ಪೂಲರ್ ಎಂಬ ಮಾತೇ ಇಲ್ಲ, ಗಮನಿಸಿದಿರಾ? ಪ್ರಿಂಟ್ ಬರದೆ ಕೂತವರಿಗೆ ಸ್ಪೂಲರ್ ಗೊತ್ತಿರುವುದಿಲ್ಲ. ಅವರು ಹುಡುಕುವುದು ತೆರೆಯ ಮೇಲೆ ಕಂಡ ಮಾತನ್ನು. ಆದ್ದರಿಂದ Deleting ಎಂಬ ಪದವನ್ನು ಕನ್ನಡ ಮಾಡದೆ, ತೆರೆಯಲ್ಲಿ ಇದ್ದ ಹಾಗೇ ಇಟ್ಟಿದ್ದೇನೆ. ಟಿಕೆಟ್‌ಗಳಲ್ಲಿ ಬಳಕೆದಾರರು ಹೇಗೆ ಬರೆದಿದ್ದಾರೆ ಎಂದು ಓದಿ, ಸಮಸ್ಯೆಯ ಭಾಗವನ್ನು ಅವರ ಮಾತಿನಲ್ಲೇ ಬರೆಯಿರಿ. ಈ ಭಾಗದಲ್ಲಿ ಊಹೆ ಬೇಡ. 'ಸ್ಪೂಲರ್ ಹಾಳಾಗಿದೆ' ಎಂದು ಇಲ್ಲೇ ಬರೆದುಬಿಟ್ಟರೆ ಕಾರಣವನ್ನು ಸಮಸ್ಯೆಯೊಳಗೆ ತುರುಕಿದಂತಾಯಿತು.

ಕಾರಣದ ಭಾಗ ಬರೆಯುವಾಗ ಎಲ್ಲರಿಗೂ ಜಾಸ್ತಿ ಹೇಳುವ ಆಸೆ ಬರುತ್ತದೆ. ಒಂದೊಂದು ಪ್ರಿಂಟ್‌ಗೂ `.SPL`, `.SHD` ಎಂಬ ಎರಡು ಫೈಲ್ ಇರುತ್ತವೆ, ಒಂದರಲ್ಲಿ ಪ್ರಿಂಟ್ ಆಗಬೇಕಾದ ಮಾಹಿತಿ, ಇನ್ನೊಂದರಲ್ಲಿ ಯಾರು ಯಾವ ಪ್ರಿಂಟರಿಗೆ ಕಳಿಸಿದರು ಎಂಬ ವಿವರ. ನನಗೆ ಇದು ಇಷ್ಟದ ವಿಷಯ. ಆದರೂ ಲೇಖನಕ್ಕೆ ಹಾಕಲಿಲ್ಲ. ನಾನು ಇಟ್ಟುಕೊಳ್ಳುವ ನಿಯಮ ಇಷ್ಟೇ: ಪರಿಹಾರ ಯಾಕೆ ಕೆಲಸ ಮಾಡುತ್ತದೆ ಎಂದು ತಿಳಿಯುವಷ್ಟು ಬರೆಯಬೇಕು. 'ಫೈಲ್ ಡಿಸ್ಕ್‌ನಲ್ಲೇ ಇರುತ್ತದೆ' ಎಂಬ ಒಂದು ಮಾತು, ರೀಸ್ಟಾರ್ಟ್ ಮಾಡಿದರೂ ಯಾಕೆ ಸರಿಹೋಗಲಿಲ್ಲ, ಮೂರನೇ ಹಂತದಲ್ಲಿ ಯಾಕೆ ಅಳಿಸಬೇಕು ಎರಡನ್ನೂ ಹೇಳಿಬಿಡುತ್ತದೆ. ಅಷ್ಟು ಸಾಕು. ಕಾರಣ ಖಚಿತವಾಗಿ ಗೊತ್ತಿಲ್ಲದ ಲೇಖನಗಳೂ ನಿಮಗೆ ಸಿಗುತ್ತವೆ. ಅಲ್ಲಿ 'ಕಾರಣ ಇನ್ನೂ ಖಚಿತವಾಗಿಲ್ಲ' ಎಂದೇ ಬರೆಯಿರಿ. ಜಾಗ ತುಂಬಿಸಲು ಏನಾದರೂ ಬರೆದರೆ, ಮುಂದೆ ಬರುವ ಇಂಜಿನಿಯರ್ ಅದನ್ನೇ ನಂಬಿಕೊಂಡು ಹುಡುಕುತ್ತಾರೆ.

ಜಾಸ್ತಿ ಸಮಯ ಬೇಡುವುದು ಹಂತಗಳ ಭಾಗ. ಹಳೆಯ ಲೇಖನದ 'ಸ್ಪೂಲರ್ ನಿಲ್ಲಿಸಿ, ಫೋಲ್ಡರ್ ಖಾಲಿ ಮಾಡಿ' ಎಂಬ ಒಂದೇ ವಾಕ್ಯದಲ್ಲಿ ಎಷ್ಟು ಕಡೆ ಎಡವಬಹುದು ನೋಡಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ `net stop spooler`ಗೆ System error 5 has occurred. Access is denied. ಎಂದು ಬರುತ್ತದೆ. ವಿಂಡೋಸ್ 11ರಲ್ಲಿ Start ಮೇಲೆ ರೈಟ್ ಕ್ಲಿಕ್ ಮಾಡಿ Terminal (Admin) ತೆರೆದರೆ ಸಾಮಾನ್ಯವಾಗಿ ಪವರ್‌ಶೆಲ್ ಬರುತ್ತದೆ. ಅಲ್ಲಿ `net stop` ನಡೆಯುತ್ತದೆ, ಆದರೆ ಈ `del` ಸಾಲು ನಡೆಯುವುದಿಲ್ಲ, ಯಾಕೆಂದರೆ `%systemroot%` ಮತ್ತು `/Q` ಅಲ್ಲಿ ಅರ್ಥವಾಗುವುದಿಲ್ಲ. ಫೈಲ್‌ಗಳು ಹಾಗೇ ಉಳಿಯುತ್ತವೆ. ಬಳಕೆದಾರರು ಕೆಂಪು ಅಕ್ಷರ ನೋಡಿಯೂ ಮುಂದಿನ ಹಂತಕ್ಕೆ ಹೋದರೆ 'ಎಲ್ಲ ಮಾಡಿದೆ, ಆಗಲಿಲ್ಲ' ಎಂದು ಟಿಕೆಟ್ ವಾಪಸ್ ಬರುತ್ತದೆ. ಅದಕ್ಕೇ ಮೊದಲ ಹಂತದಲ್ಲಿ `cmd` ಎಂದು ಬಿಡಿಸಿ ಬರೆದದ್ದು.

ಫೋಲ್ಡರ್ ವಿಷಯವೂ ಹಾಗೇ. `PRINTERS` ಪಕ್ಕದಲ್ಲೇ `drivers` ಎಂಬ ಫೋಲ್ಡರ್ ಇದೆ. 'ಸ್ಪೂಲ್ ಫೋಲ್ಡರ್ ಖಾಲಿ ಮಾಡಿ' ಎಂದು ಸುಮ್ನೆ ಬರೆದರೆ ಅದಕ್ಕೂ ಕೈ ಹಾಕುವವರಿದ್ದಾರೆ. ಪೂರ್ತಿ ದಾರಿ ಕೊಟ್ಟಾಗ ಆ ಅಪಾಯ ಇಲ್ಲ. ಎಚ್ಚರಿಕೆಯನ್ನು ಹಂತಗಳಿಗಿಂತ ಮೊದಲು ಇಟ್ಟದ್ದೂ ಬೇಕೆಂದೇ. ಮೂರನೇ ಹಂತ ಮುಗಿದ ಮೇಲೆ ಓದಿದರೆ ಏನು ಉಪಯೋಗ, ಅಲ್ವಾ?

ಬರೆದ ಮೇಲೆ ಈ ಕೆಲಸ ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಹಂತಗಳನ್ನು ಮಾಡಿಸಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಮಾತು ಕಮ್ಮಿ ಇದೆ ಎಂದರ್ಥ.

ಸಂಬಂಧಿತ ವಿಷಯಗಳಲ್ಲಿ ಪ್ರಿಂಟರ್ ಎಂಬ ಪದ ಇರುವ ಲಿಂಕುಗಳನ್ನೆಲ್ಲ ಸೇರಿಸಬೇಡಿ. ಈ ಲೇಖನ ಕೈಕೊಟ್ಟರೆ ಓದುಗರು ಎಲ್ಲಿಗೆ ಹೋಗಬೇಕು ಎಂಬುದಷ್ಟೇ ಅಲ್ಲಿರಲಿ. ಐದನೇ ಹಂತದಲ್ಲಿ ಬೇರೊಂದು ಡಾಕ್ಯುಮೆಂಟ್ ಬಂತು, ಹಳೆಯದನ್ನು ಕಳಿಸಿದರೆ ಮಾತ್ರ ಮತ್ತೆ ನಿಂತಿತು ಎಂದರೆ ಮೊದಲ ಲಿಂಕ್. ನಾಲ್ಕನೇ ಹಂತದ ನಂತರ ಸ್ಪೂಲರ್ ತಾನೇ ನಿಂತುಹೋದರೆ ಎರಡನೆಯದು. ಹಳೆಯ ಲೇಖನದ ಡ್ರೈವರ್ ವಾಕ್ಯ ಹೋಗಿ ಸೇರಬೇಕಾದ ಜಾಗ ಅದು.

ಇನ್ನು, ಎಲ್ಲ ಲೇಖನಗಳನ್ನೂ ಈ ಅಚ್ಚಿಗೆ ಒತ್ತಬೇಡಿ. 'ಹೊಸ ಪ್ರಿಂಟರ್ ಸೇರಿಸುವುದು ಹೇಗೆ' ಎಂಬುದರಲ್ಲಿ ಕೆಟ್ಟದ್ದು ಏನೂ ಇಲ್ಲ, ಹಾಗಾಗಿ ಕಾರಣವೂ ಇರುವುದಿಲ್ಲ. ಅದಕ್ಕೆ ಬೇಕಾದ್ದು ಹಂತಗಳು ಮಾತ್ರ.

ಕೊನೆಯದಾಗಿ ಹಳೆಯ ಲೇಖನದ ನಂಬರ್ ಬಗ್ಗೆ. ಅದನ್ನು ಅಳಿಸಬೇಡಿ, ಮುಚ್ಚಿದ ಟಿಕೆಟ್‌ಗಳಲ್ಲಿ ಆ ಲಿಂಕ್ ಇರುತ್ತದೆ. ಒಂದು ಲೇಖನ ಮೂರಾಗಿ ಒಡೆದರೆ, ಟಿಕೆಟ್‌ಗಳಲ್ಲಿ ಅತಿ ಹೆಚ್ಚು ಬಂದ ಲಕ್ಷಣದ ಲೇಖನಕ್ಕೆ ಹಳೆಯ ನಂಬರ್ ಕೊಡಿ. ಉಳಿದವಕ್ಕೆ ಹೊಸ ನಂಬರ್ ಕೊಟ್ಟು, ಮೊದಲನೆಯದರ ಸಂಬಂಧಿತ ವಿಷಯಗಳಲ್ಲಿ ಅವುಗಳ ಲಿಂಕ್ ಹಾಕಿ. ಹಳೆಯ ಲಿಂಕ್ ಒತ್ತಿ ಬಂದವರು ಅಲ್ಲಿಂದ ತಮಗೆ ಬೇಕಾದ ಲೇಖನಕ್ಕೆ ಹೋಗುತ್ತಾರೆ.